ಟೀಗೆ ಹಾಕಿದ ಸಕ್ಕರೆ ಎಲ್ಲಿ ಹೋಯಿತು?

ಕಳೆದ ತಿಂಗಳು ನಮ್ಮ ಮನೆ ಜಗಲಿಯ ಮೇಲೆ ಶುರುವಾದ ಒಂದು ವಾದ ಹತ್ತು ದಿನ ನಡೆಯಿತು. ವಾದಿ ಪಕ್ಕದ ಮನೆಯ ಕಿಟ್ಟು, ಪ್ರತಿವಾದಿ ನನ್ನ ಮೊಮ್ಮಗಳು ಪುಟ್ಟಿ. ಇಬ್ಬರೂ ಏಳನೆಯ ತರಗತಿ. ವಾದಕ್ಕೆ ಕಾರಣ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಬಂದಿದ್ದ ಎರಡು ಅಂಕದ ಪ್ರಶ್ನೆ: ‘ಚಹಾದಲ್ಲಿ ಸಕ್ಕರೆ ಕರಗುವುದು ಭೌತ ಬದಲಾವಣೆಯೋ ರಾಸಾಯನಿಕ ಬದಲಾವಣೆಯೋ? ಕಾರಣ ಕೊಡಿ.’

ಪುಟ್ಟಿ ‘ಭೌತ ಬದಲಾವಣೆ, ಹೊಸ ವಸ್ತು ಉಂಟಾಗುವುದಿಲ್ಲ’ ಎಂದು ಬರೆದು ಎರಡಕ್ಕೆ ಎರಡು ತೆಗೆದುಕೊಂಡಿದ್ದಳು. ಕಿಟ್ಟು ‘ರಾಸಾಯನಿಕ ಬದಲಾವಣೆ, ಸಕ್ಕರೆ ಮಾಯವಾಗಿ ಸಿಹಿ ಟೀ ಎಂಬ ಹೊಸ ವಸ್ತು ಆಗುತ್ತದೆ’ ಎಂದು ಬರೆದಿದ್ದ. ಅವನಿಗೆ ಸೊನ್ನೆ.

ಸಂಜೆ ಟೀ ಹೊತ್ತಿಗೆ ಇಬ್ಬರೂ ಬಂದು ಕೂತರು. ನನ್ನ ಲೋಟಕ್ಕೆ ಸಕ್ಕರೆ ಇಲ್ಲ, ಅದು ಹನ್ನೆರಡು ವರ್ಷದಿಂದ ಹಾಗೇ. ಅವರ ಲೋಟಗಳಿಗೆ ಅಜ್ಜಿ ಎರಡೆರಡು ಚಮಚ ಹಾಕಿ ಕೊಟ್ಟಳು.

“ನೋಡೇ,” ಎಂದ ಕಿಟ್ಟು, ಚಮಚ ತಿರುಗಿಸುತ್ತ. “ಈಗ ಸಕ್ಕರೆ ಎಲ್ಲಿದೆ, ತೋರಿಸು.”

“ಟೀಯಲ್ಲೇ ಇದೆ. ಸಿಹಿ ಇಲ್ವಾ?”

“ಸಿಹಿ ಇದೆ. ಸಕ್ಕರೆ ಎಲ್ಲಿ ಅಂತ ಕೇಳಿದ್ದು. ಬಿಳೀ ಹರಳು ಇಲ್ಲ, ಕೈಗೆ ಸಿಗಲ್ಲ, ಸೋಸಿದರೂ ಬಟ್ಟೆ ಮೇಲೆ ನಿಲ್ಲಲ್ಲ. ಮೊದಲು ಕಹಿಯಾಗಿದ್ದ ಟೀ ಈಗ ಸಿಹಿ ಆಯ್ತು. ಬಣ್ಣ, ರುಚಿ, ವಾಸನೆ ಬದಲಾದರೆ ರಾಸಾಯನಿಕ ಬದಲಾವಣೆಯ ಗುರುತು ಅಂತ ಮಿಸ್ಸೇ ಹೇಳಿದ್ದಾರೆ.”

“ಹೊಸ ವಸ್ತು ಆಗಿಲ್ಲ ಕಣೋ.”

“ಆಗಿಲ್ಲ ಅಂತ ನಿಂಗೆ ಹೇಗೆ ಗೊತ್ತು?”

ಪುಟ್ಟಿ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಮೆಲ್ಲಗೆ, “ಗೈಡಲ್ಲಿ ಇತ್ತು” ಎಂದಳು.

ಎರಡು ಅಂಕ ಬಂದವಳಿಗೆ ಕಾರಣ ಗೊತ್ತಿಲ್ಲ, ಕಾರಣ ಯೋಚಿಸಿದವನಿಗೆ ಅಂಕ ಇಲ್ಲ. ನನಗೆ ಹುಡುಗನ ಮೇಲೆ ಕೊಂಚ ಪಕ್ಷಪಾತ ಹುಟ್ಟಿದ್ದು ಆಗಲೇ. ನಾನು ಓದಿದ್ದು ಬಿ.ಕಾಂ., ದುಡಿದಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಆದರೂ ನಡುವೆ ಬಾಯಿ ಹಾಕಿದೆ. “ತಾಳೆ ನೋಡೋಣ. ಸಕ್ಕರೆ ಮಾಯವಾಗಿದ್ದರೆ ತೂಕ ಕಡಿಮೆ ಆಗಬೇಕು, ಅಲ್ವಾ?”

ಅಡುಗೆಮನೆಯ ಪುಟ್ಟ ತಕ್ಕಡಿ ತಂದೆವು. ನೀರು ತುಂಬಿದ ಲೋಟ 310 ಗ್ರಾಂ. ಕಾಗದದ ಮೇಲೆ ಸಕ್ಕರೆ 20 ಗ್ರಾಂ ಅಳೆದು ಸುರಿದು ಕಲಕಿದೆವು. ತಕ್ಕಡಿ 330 ತೋರಿಸಿತು. ಪುಟ್ಟಿ ಚಪ್ಪಾಳೆ ತಟ್ಟಿದಳು. ನಾನೂ ಗೆದ್ದವನಂತೆ ಕನ್ನಡಕ ತೆಗೆದು ಒರೆಸಿಕೊಂಡೆ.

ಕಿಟ್ಟು ಮಾತ್ರ ಒಪ್ಪಲಿಲ್ಲ. “ತಾತ, ರಾಸಾಯನಿಕ ಬದಲಾವಣೆಯಲ್ಲೂ ಒಟ್ಟು ತೂಕ ಬದಲಾಗಲ್ಲ. ಮೇಣದಬತ್ತಿ ಉರಿಯೋವಾಗ ಅದು ತಗೊಂಡ ಗಾಳಿ, ಬಿಟ್ಟ ಹೊಗೆ, ಆವಿ ಎಲ್ಲಾ ಹಿಡಿದಿಟ್ಟು ತೂಗಿದರೆ ಲೆಕ್ಕ ಸರಿಹೋಗುತ್ತೆ. ಪಾಠದಲ್ಲಿದೆ.”

ಹುಡುಗ ಹೇಳಿದ್ದು ನಿಜ. ಇದನ್ನು ಹದಿನೆಂಟನೆಯ ಶತಮಾನದಲ್ಲಿ ತಕ್ಕಡಿ ಇಟ್ಟುಕೊಂಡು ಗಟ್ಟಿಯಾಗಿ ಸಾಧಿಸಿದವನು ಫ್ರಾನ್ಸಿನ ಲವಾಸಿಯೆ. ಅವನು ಹೊಟ್ಟೆಪಾಡಿಗೆ ತೆರಿಗೆ ವಸೂಲಿಯ ಸಂಸ್ಥೆಯಲ್ಲಿ ಪಾಲುದಾರನಾಗಿದ್ದವನು, ಅಂದರೆ ಒಂದು ರೀತಿಯಲ್ಲಿ ನಮ್ಮ ಲೆಕ್ಕದ ಜಾತಿಯವನೇ. ಅವನ ನಿಯಮವೇ ನನ್ನ ಸಾಕ್ಷಿಯನ್ನು ತಳ್ಳಿಹಾಕಿತು.

ಆ ರಾತ್ರಿ ಮಲಗಿದಾಗ ನನ್ನ ತಪ್ಪು ನನಗೇ ಹೊಳೆಯಿತು. ನೂರು ರೂಪಾಯಿಯ ನೂರು ನೋಟಿರುವ ಕಟ್ಟನ್ನು ಬಿಚ್ಚಿ ಮೇಜಿನ ತುಂಬ ಹರಡಿದರೆ ಮೊತ್ತ ಹತ್ತು ಸಾವಿರ. ಅದೇ ಕಟ್ಟನ್ನು ಕೊಟ್ಟು ಐವತ್ತರ ನೋಟುಗಳನ್ನು ಪಡೆದರೂ ಮೊತ್ತ ಹತ್ತು ಸಾವಿರವೇ. ಮೊದಲನೆಯದರಲ್ಲಿ ನೋಟುಗಳು ಅವೇ, ಕಟ್ಟು ಮಾತ್ರ ಬಿಚ್ಚಿದೆ. ಎರಡನೆಯದರಲ್ಲಿ ನೋಟುಗಳೇ ಬೇರೆ. ಮೊತ್ತ ನೋಡಿದವನಿಗೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ನೋಟನ್ನೇ ಎತ್ತಿ ನೋಡಬೇಕು. ಸಕ್ಕರೆಯ ಹರಳು ಎಂದರೆ ಕೋಟಿಕೋಟಿ ಅಣುಗಳ ಕಟ್ಟು. ಟೀಯಲ್ಲಿ ಅದು ಬರೀ ಬಿಚ್ಚಿಕೊಂಡಿತೋ, ಚಿಲ್ಲರೆಯಾಯಿತೋ? ಪ್ರಶ್ನೆ ಇರುವುದು ಅಲ್ಲಿ.

ಬೆಳಿಗ್ಗೆ ಇಬ್ಬರಿಗೂ ಇದನ್ನು ಹೇಳಿದೆ. ಪುಟ್ಟಿ ಕೂಡಲೇ ಹಿಡಿದುಕೊಂಡಳು. “ಹಾಗಾದ್ರೆ ನೀರನ್ನ ಓಡಿಸಿ ಸಕ್ಕರೆ ವಾಪಸ್ ತೆಗೆದು ತೋರಿಸ್ತೀನಿ. ಅದೇ ಸಕ್ಕರೆ ಬಂದರೆ ನಾನು ಗೆದ್ದೆ.”

ಟೀಯಲ್ಲಿ ಹಾಲು, ಟೀ ಪುಡಿಯ ಸಾರ ಎಲ್ಲಾ ಸೇರಿರುವುದರಿಂದ ಬರೀ ಸಕ್ಕರೆ ನೀರಿನಲ್ಲೇ ಮಾಡುವುದೆಂದು ಒಪ್ಪಂದವಾಯಿತು. ಪಾತ್ರೆ ಒಲೆಯ ಮೇಲೆ ಏರಿತು. ಇಬ್ಬರೂ ಬಗ್ಗಿ ನೋಡುತ್ತಿದ್ದರು. ನೀರು ಬತ್ತಿ ಪಾಕ ಗಟ್ಟಿಯಾಯಿತು. ಆಮೇಲೆ ಅದು ಹಳದಿಯಾಯಿತು, ಕಂದಾಯಿತು, ಸುಟ್ಟ ವಾಸನೆ ಬಂತು.

“ಎಲ್ಲೇ ನಿನ್ನ ಬಿಳೀ ಸಕ್ಕರೆ?” ಎಂದು ಕಿಟ್ಟು ಕುಣಿದ. ಪುಟ್ಟಿಯ ಕಣ್ಣಲ್ಲಿ ನೀರು.

ಅಜ್ಜಿ ಬಂದು ಒಲೆ ಆರಿಸಿದಳು. “ಅದು ನೀರಲ್ಲಿ ಕರಗಿದ್ದಕ್ಕೆ ಕಂದಾಗಿದ್ದಲ್ಲ, ನೀರು ಹೋದಮೇಲೆ ನೀವು ಸುಟ್ಟಿದ್ದಕ್ಕೆ. ಒಣ ಸಕ್ಕರೆ ಬಾಣಲೆಗೆ ಹಾಕಿದರೂ ಹೀಗೇ ಆಗುತ್ತೆ.”

ಪಾತ್ರೆಯಲ್ಲಿ ಬೇಕಾದಷ್ಟು ನೀರು ಇರುವವರೆಗೆ ಬಿಸಿ 100 ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಮೇಲೆ ಹೋಗುವುದಿಲ್ಲ, ಉರಿಯೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ನೀರು ಮುಗಿಯುತ್ತ ಬಂದಂತೆ ಬಿಸಿ ಏರುತ್ತ, 160 ಡಿಗ್ರಿ ದಾಟಿದ ಮೇಲೆ ಸಕ್ಕರೆಯ ಅಣುಗಳೇ ಒಡೆದು ಕಂದು ಬಣ್ಣದ ಬೇರೆ ಬೇರೆ ವಸ್ತುಗಳಾಗುತ್ತವೆ. ಕೇಕಿಗೆ, ಪುಡಿಂಗಿಗೆ ಹಾಕುವ ಕ್ಯಾರಮೆಲ್ ಅದೇ. ಅದು ನಿಜವಾಗಿಯೂ ರಾಸಾಯನಿಕ ಬದಲಾವಣೆ. ಕಿಟ್ಟು ಕಂಡದ್ದು ಸುಳ್ಳಲ್ಲ, ಆದರೆ ಅದು ಕರಗಿದ ಹೊತ್ತಿನಲ್ಲಿ ನಡೆದದ್ದಲ್ಲ.

ಈ ಸಲ ಅಜ್ಜಿಯೇ ಉಸ್ತುವಾರಿ ವಹಿಸಿದಳು. ಅರ್ಧ ಲೋಟ ನೀರು, ಒಂದೂವರೆ ಲೋಟ ಸಕ್ಕರೆ. ಪೂರ್ತಿ ಕರಗುವವರೆಗೆ ಕಾಯಿಸಿ ಇಳಿಸಿದಳು. ಒಂದು ನೂಲಿನ ಎಳೆಯನ್ನು ಒದ್ದೆ ಮಾಡಿ, ಸಕ್ಕರೆಯಲ್ಲಿ ಹೊರಳಿಸಿ, ಒಣಗಿಸಿ, ಪಾಕ ಆರಿದ ಮೇಲೆ ಲೋಟದ ಬಾಯಿಗೆ ಅಡ್ಡ ಇಟ್ಟ ಕಡ್ಡಿಯಿಂದ ತಳ ತಾಗದಂತೆ ಇಳಿಬಿಟ್ಟಳು. ಪಾಕ ಬಿಸಿಯಿರುವಾಗಲೇ ಇಳಿಬಿಟ್ಟರೆ ನೂಲಿಗೆ ಅಂಟಿದ ಕಾಳುಗಳೂ ಕರಗಿಬಿಡುತ್ತವೆ. ಮೇಲೊಂದು ತೆಳು ಬಟ್ಟೆ ಹೊದಿಸಿ ಅಲುಗಾಡದ ಕಡೆ ಇಟ್ಟೆವು. ಇರುವೆಗಳು ಬರದಂತೆ ನೀರಿನ ತಟ್ಟೆಯ ನಡುವೆ ಇಡುವ ಉಪಾಯ ನನ್ನದು, ಈ ಇಡೀ ಪ್ರಕರಣದಲ್ಲಿ ನನ್ನಿಂದಾದ ಏಕೈಕ ಉಪಕಾರ.

ಆರನೆಯ ದಿನಕ್ಕೆ ನೂಲಿನ ಸುತ್ತ ಮೂಲೆಮೂಲೆಯಾದ ಹೊಳೆಯುವ ಹರಳುಗಳು ಕಟ್ಟಿದ್ದವು. ಕಲ್ಲುಸಕ್ಕರೆ! ಪುಟ್ಟಿ ಒಂದು ಹರಳು ಮುರಿದು ಕಿಟ್ಟುವಿನ ಕೈಗಿಟ್ಟಳು. “ತಿನ್ನು. ಕರಗಿತ್ತು, ವಾಪಸ್ ಬಂತು. ಹಿಂದಕ್ಕೆ ತರೋಕೆ ಆದರೆ ಭೌತ ಬದಲಾವಣೆ.”

ಕಿಟ್ಟು ಹರಳನ್ನು ಚೀಪುತ್ತಲೇ ಯೋಚಿಸಿದ. ಆಮೇಲೆ ಮೂಲೆಯಲ್ಲಿದ್ದ ಇನ್ವರ್ಟರ್ ತೋರಿಸಿದ. “ತಾತ, ಇದರ ಬ್ಯಾಟರಿಯಲ್ಲಿ ನಡೆಯೋದು ಯಾವ ಬದಲಾವಣೆ?”

“ರಾಸಾಯನಿಕ ಇರಬೇಕು. ಒಳಗೆ ಸೀಸದ ತಟ್ಟೆ, ಆಸಿಡ್ ಇದೆ.”

“ಕರೆಂಟ್ ಹೋದಾಗ ಒಂದು ಕಡೆಗೆ ನಡೆಯುತ್ತೆ, ಬಂದಾಗ ಚಾರ್ಜ್ ಆಗಿ ಹಿಂದಕ್ಕೆ ಬರುತ್ತೆ. ದಿನಾ ಹಿಂದಕ್ಕೆ ಬರುತ್ತೆ. ಆದರೂ ಅದು ರಾಸಾಯನಿಕ. ಮತ್ತೆ ಅಜ್ಜಿಯ ಗಾಜಿನ ಬಳೆ ಒಡೆದರೆ ಹಿಂದಕ್ಕೆ ಬರಲ್ಲ, ಚೂರೂ ಗಾಜೇ, ಅದು ಭೌತ. ಹಾಗಾದ್ರೆ ಹಿಂದಕ್ಕೆ ಬರುತ್ತೆ ಅನ್ನೋದು ಹೇಗೆ ಸಾಕ್ಷಿ ಆಗುತ್ತೆ? ಸಕ್ಕರೆ ನೀರಲ್ಲಿ ಬೇರೆ ಏನೋ ಆಗಿ, ನೀರು ಹೋದಾಗ ಮತ್ತೆ ಸಕ್ಕರೆ ಆಗಿರಬಹುದಲ್ವಾ?”

ಈ ಪ್ರಶ್ನೆಗೆ ಜಗಲಿಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ನೀರಿನೊಳಗೆ ಇರುವಾಗಲೇ ಅದನ್ನು ಸಕ್ಕರೆ ಹೌದೋ ಅಲ್ಲವೋ ಎಂದು ಕೇಳುವ ದಾರಿ ಬೇಕಿತ್ತು.

ಆ ದಾರಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಆದರೆ ಅದು ಇದಕ್ಕೆ ಸಂಬಂಧಿಸಿದ್ದೆಂದು ಮಾತ್ರ ತಿಳಿದಿರಲಿಲ್ಲ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಆಗ ಬೆರಳಿಗೆ ಚುಚ್ಚಿ ನೋಡುವ ಯಂತ್ರ ಮನೆಗಳಲ್ಲಿ ಇರಲಿಲ್ಲ. ಒಂದು ಬಾಟಲಿ ನೀಲಿ ದ್ರಾವಣ, ಗಾಜಿನ ನಳಿಕೆ, ಸ್ಪಿರಿಟ್ ದೀಪ, ಇಷ್ಟೇ ಸರಂಜಾಮು. ನಳಿಕೆಗೆ 5 ಮಿಲಿಲೀಟರ್ ನೀಲಿ ದ್ರಾವಣ ಹಾಕಿ, ಎಂಟು ತೊಟ್ಟು ಮೂತ್ರ ಬಿಟ್ಟು ಕುದಿಸಬೇಕು. ನೀಲಿಯಾಗಿಯೇ ಉಳಿದರೆ ನೆಮ್ಮದಿ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನೂ ಹೆಚ್ಚು, ಇಟ್ಟಿಗೆ ಕೆಂಪಾದರೆ ಅಂದು ಅಪ್ಪನಿಗೆ ಅನ್ನ ಕಡಿಮೆ, ಅಮ್ಮನಿಗೆ ಮಾತು ಕಡಿಮೆ. ದೀಪ ಹಚ್ಚುವ ಕೆಲಸ ನನ್ನದಾಗಿತ್ತು. ಈ ಅಂಕಣ ಓದುವ ನನ್ನ ವಯಸ್ಸಿನವರಲ್ಲಿ ಕೆಲವರಿಗಾದರೂ ಆ ನೀಲಿ ಬಾಟಲಿಯ ನೆನಪಿದ್ದೀತು.

ಅದು ಬೆನೆಡಿಕ್ಟ್ ದ್ರಾವಣ, ಅಮೆರಿಕದ ರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಬೆನೆಡಿಕ್ಟ್ ನೂರು ವರ್ಷಕ್ಕೂ ಹಿಂದೆ ಸಿದ್ಧಪಡಿಸಿದ್ದು. ಅದರ ನೀಲಿಗೆ ಕಾರಣ ತಾಮ್ರ. ಗ್ಲೂಕೋಸ್ ಜೊತೆ ಕಾಯಿಸಿದರೆ ಆ ತಾಮ್ರ ಕೆಂಪು ಪುಡಿಯಾಗಿ ಇಳಿಯುತ್ತದೆ. ನಾವು ಟೀಗೆ ಹಾಕುವ ಸಕ್ಕರೆಯ ಶಾಸ್ತ್ರದ ಹೆಸರು ಸುಕ್ರೋಸ್. ಅದಕ್ಕೆ ಈ ನೀಲಿಯನ್ನು ಬದಲಾಯಿಸುವ ಶಕ್ತಿ ಇಲ್ಲ.

ಮಕ್ಕಳು ಈ ಕಥೆಯನ್ನು ಹೊತ್ತುಕೊಂಡು ಹೋಗಿ ವಿಜ್ಞಾನದ ಮಿಸ್ಸಿಗೆ ಹೇಳಿದರು. ಆಕೆ ಒಳ್ಳೆಯವರು. ಪಿಯು ವಿಭಾಗದ ಪ್ರಯೋಗಾಲಯದಿಂದ ನೀಲಿ ಬಾಟಲಿ ತಂದು, ಶನಿವಾರ ತರಗತಿ ಮುಗಿದ ಮೇಲೆ ಪ್ರಯೋಗಕ್ಕೆ ಇಟ್ಟರು. ಸ್ಪಿರಿಟ್ ದೀಪದ ಹಳೆಯ ಕೆಲಸಗಾರನೆಂದು ನನಗೂ ಕರೆ ಬಂತು.

ಮೂರು ನಳಿಕೆಗಳು. ಮೊದಲನೆಯದಕ್ಕೆ ಗ್ಲೂಕೋಸ್ ನೀರು. ಎರಡನೆಯದಕ್ಕೆ ಹತ್ತು ನಿಮಿಷ ಕುದಿಸಿದ ಸಕ್ಕರೆ ನೀರು, ಟೀಯಷ್ಟೇ ಬಿಸಿ ಕಂಡಿರಲಿ ಎಂದು. ಮೂರನೆಯದಕ್ಕೂ ಸಕ್ಕರೆ ನೀರೇ, ಆದರೆ ಅದನ್ನು ಮಿಸ್ ಮೊದಲೇ ಕೆಲವು ತೊಟ್ಟು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಕುದಿಸಿ, ಆರಿಸಿ, ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಹಾಕಿ ಆಮ್ಲದ ಹುಳಿ ಕಳೆದಿದ್ದರು. ಸೋಡಾ ಹಾಕದಿದ್ದರೆ ಉಳಿದ ಆಮ್ಲ ನೀಲಿ ದ್ರಾವಣವನ್ನೇ ಕೆಡಿಸುತ್ತದಂತೆ.

“ಮಿಸ್, ಟೀಯಲ್ಲೇ ಯಾಕೆ ಮಾಡಬಾರದು?” ಪುಟ್ಟಿ ಕೇಳಿದಳು.

“ಹಾಲಿನಲ್ಲಿ ಅದರದೇ ಸಕ್ಕರೆ ಇದೆ, ಲ್ಯಾಕ್ಟೋಸ್ ಅಂತ. ಅದು ನೀಲಿಯನ್ನು ಕೆಂಪು ಮಾಡುತ್ತೆ. ಆಗ ಯಾರ ತಪ್ಪು ಅಂತ ಗೊತ್ತಾಗಲ್ಲ.”

ಮೂರನ್ನೂ ಕುದಿಯುವ ನೀರಿನ ಬೀಕರಿನಲ್ಲಿ ನಿಲ್ಲಿಸಿದೆವು. ಮೊದಲನೆಯದು ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಾಯಿತು. ಎರಡನೆಯದು... ಮೆಲ್ಲಗೆ ಹಸಿರಾಗತೊಡಗಿತು!

ಕಿಟ್ಟು ಎದ್ದು ನಿಂತ. “ಬದಲಾಯ್ತು! ಸಕ್ಕರೆ ಬೇರೆ ಆಗಿದೆ!”

ಮಿಸ್ ಗಾಬರಿಯಾಗಲಿಲ್ಲ. “ಎರಡನೆಯ ನಳಿಕೆಗೆ ಸಕ್ಕರೆ ನೀರು ಬಿಟ್ಟವರು ಯಾರು?”

“ನಾನೇ ಮಿಸ್.”

“ಯಾವ ಡ್ರಾಪರಿನಲ್ಲಿ?”

ಕಿಟ್ಟು ತಲೆ ಕೆರೆದುಕೊಂಡ. ಗ್ಲೂಕೋಸ್ ಬಿಟ್ಟ ಡ್ರಾಪರನ್ನೇ ತೊಳೆಯದೆ ಸಕ್ಕರೆ ನೀರಿಗೂ ಅದ್ದಿದ್ದ. ಅದರ ತುದಿಯಲ್ಲಿ ಅಂಟಿದ್ದ ಗ್ಲೂಕೋಸೇ ಹಸಿರು ಬಣ್ಣ ತರಿಸಲು ಸಾಕಾಗಿತ್ತು. ಮಿಸ್ ಹೊಸ ನಳಿಕೆ, ಹೊಸ ಡ್ರಾಪರ್, ಹೊಸದಾಗಿ ಕಾಯಿಸಿದ ಸಕ್ಕರೆ ನೀರು ಕೊಟ್ಟು, “ನೀನೇ ಮಾಡು” ಎಂದರು.

ಐದು ನಿಮಿಷ ಯಾರೂ ಮಾತಾಡಲಿಲ್ಲ. ನೀಲಿ. ಮತ್ತೆರಡು ನಿಮಿಷ ಇಟ್ಟರು. ನೀಲಿಯೇ. ನನಗೆ ಅಪ್ಪನ ನೆನಪಾಗಿ, ಒಂದು ಕ್ಷಣ ಆ ಹಳೆಯ ನೆಮ್ಮದಿಯೇ ಬಂದಂತಾಯಿತು. ಮೂರನೆಯ ನಳಿಕೆ, ಅಂದರೆ ಆಮ್ಲದಲ್ಲಿ ಕುದಿಸಿದ್ದು, ಅಷ್ಟರಲ್ಲಿ ಕೆಂಪಾಗಿ ತಳದಲ್ಲಿ ಪುಡಿ ಕೂತಿತ್ತು.

ಮಿಸ್ ಹಲಗೆಯ ಮೇಲೆ ಬರೆದರು: C12H22O11. ಸಕ್ಕರೆಯ ಒಂದು ಅಣುವಿನಲ್ಲಿ ಇಂಗಾಲ 12, ಹೈಡ್ರೋಜನ್ 22, ಆಮ್ಲಜನಕ 11 ಪರಮಾಣುಗಳು. ನೀರಿಗೆ ಹಾಕಿದಾಗ ನೀರಿನ ಅಣುಗಳು ಹರಳಿನ ಹೊರಗಿನಿಂದ ಒಂದೊಂದೇ ಅಣುವನ್ನು ಸುತ್ತುವರಿದು ಎಳೆದುಕೊಂಡು ಹೋಗುತ್ತವೆ. ಆ 45 ಪರಮಾಣುಗಳ ಕೂಟ ಒಡೆಯುವುದಿಲ್ಲ. ಬಿಸಿ ಟೀಯಲ್ಲಿ ಬೇಗ ಕರಗುವುದು ಈ ಎಳೆದಾಟ ಜೋರಾಗುವುದರಿಂದ ಅಷ್ಟೇ. ಒಂಟಿ ಅಣು ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೇ ಸಕ್ಕರೆ ಮಾಯವಾದಂತೆ ತೋರುತ್ತದೆ, ಬಟ್ಟೆಯಲ್ಲೂ ನಿಲ್ಲುವುದಿಲ್ಲ. ನಾಲಿಗೆಗೆ ಮಾತ್ರ ಅದು ಸಿಗುತ್ತದೆ. ಆಮ್ಲದಲ್ಲಿ ಕುದಿಸಿದಾಗ ಪ್ರತಿ ಅಣುವೂ ನೀರಿನ ಒಂದು ಅಣುವನ್ನು ಸೇರಿಸಿಕೊಂಡು ಎರಡು ತುಂಡಾಗುತ್ತದೆ, ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಕೆಂಪು ಮಾಡಿದ್ದು ಆ ತುಂಡುಗಳು.

“ಅಂದ್ರೆ ಎರಡನೇದು ಕಟ್ಟು ಬಿಚ್ಚಿದ್ದು, ಮೂರನೇದು ಚಿಲ್ಲರೆ ಮಾಡಿಸಿದ್ದು,” ಎಂದ ಕಿಟ್ಟು, ನನ್ನ ಕಡೆ ನೋಡುತ್ತ.

ಮನೆಗೆ ಬಂದು ವರದಿ ಒಪ್ಪಿಸಿದಾಗ ಅಜ್ಜಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. “ಜಾಮೂನಿನ ಪಾಕಕ್ಕೆ ನಾನು ನಿಂಬೆರಸ ಯಾಕೆ ಹಿಂಡ್ತೀನಿ ಮತ್ತೆ? ಹರಳು ಕಟ್ಟದಿರಲಿ ಅಂತ.” ಹೌದು, ನಿಂಬೆಯ ಹುಳಿಯೂ ಪಾಕ ಕುದಿಯುವಾಗ ಸ್ವಲ್ಪ ಸಕ್ಕರೆಯನ್ನು ಹೀಗೇ ಒಡೆಯುತ್ತದೆ. ಬೇರೆ ಆಕಾರದ ಅಣುಗಳು ನಡುವೆ ಸೇರಿಕೊಂಡರೆ ಸಕ್ಕರೆಯ ಅಣುಗಳು ಸಾಲಾಗಿ ಜೋಡಿಕೊಳ್ಳಲಾರವು. ಆ ನೂಲಿನ ಲೋಟಕ್ಕೆ ನಿಂಬೆ ಹಿಂಡಿ ಕುದಿಸಿದ್ದರೆ ನಮಗೆ ಕಲ್ಲುಸಕ್ಕರೆ ಸಿಗುವುದು ಕಷ್ಟವಾಗುತ್ತಿತ್ತು. ಲೋಟದ ನಿಂಬೆ ಟೀಯಲ್ಲಿ ಹೀಗಾಗಲು ಪುರುಸೊತ್ತಿಲ್ಲ, ಎರಡು ನಿಮಿಷದಲ್ಲಿ ಕುಡಿದು ಮುಗಿಸುತ್ತೇವೆ.

ನನಗೆ ಉಳಿದಿದ್ದು ಒಂದೇ ಗೊಂದಲ. ಸಕ್ಕರೆ ನೀಲಿಯನ್ನು ಬದಲಾಯಿಸದಿದ್ದರೆ, ಸಕ್ಕರೆ ಹಾಕಿದ ಕಾಫಿ ಕುಡಿದ ದಿನ ಅಪ್ಪನ ನಳಿಕೆ ಕೆಂಪಾಗುತ್ತಿದ್ದುದು ಹೇಗೆ? ಮಾರನೆಯ ದಿನ ಪುಟ್ಟಿ ಮಿಸ್ಸನ್ನು ಕೇಳಿಕೊಂಡು ಬಂದು ಹೇಳಿದಳು. ಟೀ, ಕಾಫಿಯಲ್ಲಿ ಒಡೆಯದ ಸಕ್ಕರೆ ನಮ್ಮ ಸಣ್ಣ ಕರುಳಿನಲ್ಲಿ ಒಡೆಯುತ್ತದೆ. ಅಲ್ಲಿರುವ ಒಂದು ಕಿಣ್ವ ಆಮ್ಲದ ಕೆಲಸವನ್ನು ಮೈಬಿಸಿಯಲ್ಲೇ, ಕುದಿಸದೆ ಮಾಡುತ್ತದೆ. ಅಲ್ಲಿಂದ ಗ್ಲೂಕೋಸ್ ರಕ್ತಕ್ಕೆ. ಅನ್ನ, ಮುದ್ದೆಗಳ ಪಿಷ್ಟವೂ ಕೊನೆಗೆ ಗ್ಲೂಕೋಸೇ ಆಗುವುದರಿಂದ ಅಮ್ಮ ಅನ್ನಕ್ಕೂ ಲೆಕ್ಕ ಇಡುತ್ತಿದ್ದಳು.

“ಹಾಗಾದ್ರೆ ನಾನು ಬರೆದಿದ್ದು ಪೂರ್ತಿ ತಪ್ಪಲ್ಲ,” ಎಂದ ಕಿಟ್ಟು. “ರಾಸಾಯನಿಕ ಬದಲಾವಣೆ ಆಗುತ್ತೆ. ಲೋಟದಲ್ಲಲ್ಲ, ಹೊಟ್ಟೆಯಲ್ಲಿ.”

“ಪ್ರಶ್ನೆ ಇದ್ದಿದ್ದು ಚಹಾದಲ್ಲಿ ಅಂತ,” ಪುಟ್ಟಿ ಬಿಡಲಿಲ್ಲ. ಆದರೂ ತನ್ನ ಉತ್ತರಪತ್ರಿಕೆ ತೆಗೆದು, ‘ಹೊಸ ವಸ್ತು ಉಂಟಾಗುವುದಿಲ್ಲ’ ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ‘ನೀಲಿ ನೀಲಿಯಾಗಿಯೇ ಉಳಿಯಿತು’ ಎಂದು ಬರೆದುಕೊಂಡಳು. ಕಿಟ್ಟುವಿನ ಸೊನ್ನೆ ಸೊನ್ನೆಯಾಗಿಯೇ ಉಳಿದಿದೆ, ಮಿಸ್ ಅಂಕ ತಿದ್ದಲಿಲ್ಲ.

ನಿನ್ನೆ ಸಂಜೆ ಅವನು ಮತ್ತೆ ಬಂದಿದ್ದ. ಸಕ್ಕರೆಯ ಅಣು ನೀರಲ್ಲಿ ಇಡಿಯಾಗಿ ಉಳಿಯುತ್ತೆ ಸರಿ, ಆದರೆ ಉಪ್ಪು ಕರಗಿದಾಗ ಅದರ ಸೋಡಿಯಂ, ಕ್ಲೋರಿನ್ ಕಣಗಳು ಬೇರೆ ಬೇರೆಯಾಗಿ ಹೋಗುತ್ತವಂತೆ, ಪುಸ್ತಕ ಅದನ್ನೂ ಭೌತ ಬದಲಾವಣೆ ಅನ್ನುತ್ತಲ್ಲ, ಅದು ಹೇಗೆ ಎಂದು ಕೇಳಿದ. ಮಿಸ್ಸನ್ನೂ ಕೇಳಿದ್ದನಂತೆ. ಅವರು ನಕ್ಕು, ಅದರ ಬಗ್ಗೆ ದೊಡ್ಡವರೂ ವಾದ ಮಾಡುತ್ತಾರೆ ಎಂದರಂತೆ. ಪುಟ್ಟಿ ಒಳಗಿನಿಂದ ಉಪ್ಪಿನ ಭರಣಿ ತಂದು ಜಗಲಿಯ ಮೇಲಿಟ್ಟಳು.